ಕೂಲಿಂಗ್ ಗ್ಲಾಸ್ ಸಾಲದು: ಪಾರ್ಶ್ವ ಸೂರ್ಯಗ್ರಹಣ ನೋಡುವ ಸುರಕ್ಷಿತ ಬಗೆ

ಪಾರ್ಶ್ವ ಸೂರ್ಯಗ್ರಹಣದಲ್ಲಿ ಚಂದ್ರ ಸೂರ್ಯನ ಬಿಂಬದ ಒಂದು ಭಾಗವನ್ನಷ್ಟೇ ಮರೆಮಾಡುತ್ತಾನೆ. ಪಂಚಾಂಗಗಳಲ್ಲಿ ಇದಕ್ಕೆ ಖಂಡಗ್ರಾಸ ಎಂಬ ಹೆಸರಿದೆ. ಮರೆಯಾದ ಪಾಲು ಎಷ್ಟೇ ದೊಡ್ಡದಿರಲಿ, ಹೊರಗೆ ಉಳಿದ ಪಾಲಿನ ಹೊಳಪು ಎಂದಿನಷ್ಟೇ ಇರುತ್ತದೆ. ಗ್ರಹಣ ನೋಡಿ ಕಣ್ಣು ಕೆಡಿಸಿಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಈ ಒಂದು ಸಂಗತಿಯನ್ನು ತಿಳಿಯದೆ.

2019ರ ಡಿಸೆಂಬರ್ 26ರ ಬೆಳಗಿನ ಗ್ರಹಣವನ್ನೇ ತೆಗೆದುಕೊಳ್ಳಬಹುದು. ಅಂದು ಮಂಗಳೂರು ಮತ್ತು ಕೊಡಗಿನ ದಕ್ಷಿಣದ ಊರುಗಳಲ್ಲಿ ಕಂಕಣ ಗ್ರಹಣ ಕಂಡಿತು, ಬೆಂಗಳೂರಿನಲ್ಲಿ ಪಾರ್ಶ್ವ ಗ್ರಹಣ. ಬೆಳಿಗ್ಗೆ ಎಂಟರ ಹೊತ್ತಿಗೆ ಹಿಡಿದದ್ದು ಬಿಟ್ಟಾಗ ಹನ್ನೊಂದು ದಾಟಿತ್ತು. ಒಂಬತ್ತೂವರೆಯ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯನ ಬಿಂಬದ ಹತ್ತು ಪಾಲಿನಲ್ಲಿ ಸರಿಸುಮಾರು ಒಂಬತ್ತು ಪಾಲು ಮುಚ್ಚಿಹೋಗಿತ್ತು. ಆಗ ಊರಿನ ಮೇಲೆ ಬಿದ್ದ ಬಿಸಿಲು ಎಂದಿನ ಬಿಸಿಲಿನ ಹತ್ತನೇ ಒಂದು ಭಾಗ. ಗೋಡೆ, ರಸ್ತೆ, ಎಲೆಗಳೆಲ್ಲ ಮಂಕಾಗಿ ಕಾಣುತ್ತವೆ, ಬಿಸಿಲಿನ ಚುರುಕು ಹೋಗಿ ಮೈಗೆ ತಂಪೆನಿಸುತ್ತದೆ. ತಲೆಯೆತ್ತಿ ಒಮ್ಮೆ ನೋಡಿಬಿಡಬಹುದು ಎನಿಸುವುದು ಇಂಥ ಹೊತ್ತಿನಲ್ಲೇ. ಆದರೆ ಕಡಿಮೆಯಾದದ್ದು ನೆಲಕ್ಕೆ ಬರುವ ಒಟ್ಟು ಬೆಳಕು. ಬಿದಿಗೆ ಚಂದ್ರನಂತೆ ಉಳಿದಿರುವ ಆ ತುಣುಕಿನ ಒಂದೊಂದು ಚುಕ್ಕೆಯೂ ನಡುಹಗಲಿನ ಸೂರ್ಯನ ತೀಕ್ಷ್ಣತೆಯಲ್ಲೇ ಉರಿಯುತ್ತಿರುತ್ತದೆ. ನಾಲ್ಕು ಉರಿಯ ಗ್ಯಾಸ್ ಒಲೆಯಲ್ಲಿ ಮೂರನ್ನು ಆರಿಸಿದರೆ ಅಡುಗೆಮನೆಯ ಸೆಕೆ ಇಳಿಯುತ್ತದೆ, ಉಳಿದ ಒಂದು ಉರಿಯ ಮೇಲೆ ಬೆರಳಿಟ್ಟರೆ ಸುಡುವುದು ಮಾತ್ರ ಹಾಗೆಯೇ ಇರುತ್ತದೆ.

ಕಣ್ಣಿನೊಳಗೆ ನಡೆಯುವುದೂ ಹೀಗೆಯೇ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಮತ್ತು ಮಸೂರ ಎರಡೂ ಸೇರಿ ಸೂರ್ಯನ ಒಂದು ಪುಟ್ಟ ಚಿತ್ರವನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಮೂಡಿಸುತ್ತವೆ. ಆ ಚಿತ್ರದ ಅಗಲ ಒಂದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟು. ಯಾವುದನ್ನಾದರೂ ನೆಟ್ಟ ನೋಟದಿಂದ ನೋಡುವಾಗ ಅದರ ಚಿತ್ರ ಬೀಳುವುದು ಅಕ್ಷಿಪಟಲದ ನಟ್ಟನಡುವಿನ ಸಣ್ಣ ಕುಳಿಯ ಮೇಲೆ. ಅಕ್ಷರ ಓದುವುದು, ಮುಖದ ಗುರುತು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಆ ಒಂದಿಷ್ಟು ಜಾಗದ ಕೆಲಸ. ಗ್ರಹಣದಲ್ಲಿ ಸೂರ್ಯ ಬಿದಿಗೆ ಚಂದ್ರನಂತಾದಾಗ ಅಕ್ಷಿಪಟಲದ ಮೇಲಿನ ಚಿತ್ರವೂ ಅದೇ ಆಕಾರ ತಾಳುತ್ತದೆ. ಸುಡುವ ಜಾಗ ಕಿರಿದಾಗುತ್ತದೆ, ಸುಡುವ ಬಲ ಇಳಿಯುವುದಿಲ್ಲ.

2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಕಂಡ ಗ್ರಹಣದ ನಂತರ ನ್ಯೂಯಾರ್ಕಿನ ವೈದ್ಯರು ಇದನ್ನು ಕಣ್ಣಾರೆ ಕಂಡರು. ಆ ನಗರದಲ್ಲಿ ಗ್ರಹಣ ಪಾರ್ಶ್ವ ಮಾತ್ರವಾಗಿತ್ತು, ಸೂರ್ಯನ ಸುಮಾರು ಎಪ್ಪತ್ತು ಶೇಕಡಾ ಭಾಗ ಮರೆಯಾಗಿತ್ತು. ಇಪ್ಪತ್ತರ ಹರೆಯದ ಒಬ್ಬ ಮಹಿಳೆ ಬರಿಗಣ್ಣಿನಲ್ಲಿ ಕೆಲವು ಸಲ, ಸುಮಾರು ಆರು ಸೆಕೆಂಡು ಸೂರ್ಯನನ್ನು ನೋಡಿದ್ದರು, ಆಮೇಲೆ ಗ್ರಹಣದ ಕನ್ನಡಕವೊಂದನ್ನು ಹಾಕಿಕೊಂಡು ಮತ್ತೆ ಹದಿನೈದಿಪ್ಪತ್ತು ಸೆಕೆಂಡು ನೋಡಿದ್ದರು. ನೋಡುವಾಗ ನೋವಾಗಲಿಲ್ಲ. ನಾಲ್ಕು ಗಂಟೆ ಕಳೆದ ಮೇಲೆ ನೋಟ ಮಂಜಾಯಿತು, ಬಣ್ಣಗಳು ಕೆಟ್ಟವು, ಎಡಗಣ್ಣಿನ ನೋಟದ ಮಧ್ಯದಲ್ಲಿ ಕಪ್ಪು ಚುಕ್ಕೆಯೊಂದು ನಿಂತಿತು. ವೈದ್ಯರು ಅಕ್ಷಿಪಟಲದ ಜೀವಕೋಶಗಳನ್ನು ಒಂದೊಂದಾಗಿ ತೋರಿಸಬಲ್ಲ ಕ್ಯಾಮೆರಾದಿಂದ ಚಿತ್ರ ತೆಗೆದಾಗ, ಹಾನಿಯಾದ ಜಾಗ ಅಂದಿನ ಸೂರ್ಯನ ಆಕಾರದಲ್ಲೇ ಇತ್ತು: ಬಾಗಿದ ಒಂದು ಕುಡುಗೋಲು. ನೋಡಿದ ಗ್ರಹಣವೇ ಕಣ್ಣಿನ ಮೇಲೆ ಅಚ್ಚಾಗಿತ್ತು.

ನೋವಾಗದೇ ಇರಲು ಕಾರಣವಿದೆ. ಅಕ್ಷಿಪಟಲದಲ್ಲಿ ಬೆಳಕನ್ನು ಅರಿಯುವ ಕೋಶಗಳಿವೆ, ನೋವನ್ನು ಅರಿಯುವ ನರಗಳಿಲ್ಲ. ಜೊತೆಗೆ, ಇಲ್ಲಿ ಆಗುವುದು ಬಹುಪಾಲು ಬೆಂಕಿ ತಾಗಿದಂಥ ಸುಟ್ಟಗಾಯವಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಅದರಲ್ಲೂ ನೀಲಿಯ ಪಾಲಿನಲ್ಲಿ, ಕೋಶಗಳೊಳಗೆ ರಾಸಾಯನಿಕ ಕ್ರಿಯೆಗಳನ್ನು ಎಬ್ಬಿಸುವ ಶಕ್ತಿಯಿದೆ. ಬೆಳಕು ಮಿತಿ ಮೀರಿದಾಗ ಆ ಕ್ರಿಯೆಗಳಿಂದ ಹುಟ್ಟುವ ವಿಷಕಾರಿ ವಸ್ತುಗಳು ಕೋಶಗಳನ್ನೇ ತಿನ್ನತೊಡಗುತ್ತವೆ. ಇದಕ್ಕೆ ಕೆಲವು ಗಂಟೆ ಬೇಕು. ಹಾಗಾಗಿ ಗ್ರಹಣ ನೋಡಿದವರು ಅಂದು ಆರಾಮವಾಗಿ ಮಲಗಿ, ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದಾಗ ಸಾಲಿನ ನಡುವಿನ ಅಕ್ಷರ ಕಾಣದೆ ಗಾಬರಿಯಾಗುವುದುಂಟು. ಸೂರ್ಯನ ಅವಕೆಂಪು ಕಿರಣಗಳು ಅಕ್ಷಿಪಟಲವನ್ನು ಬಿಸಿಮಾಡಿ ಈ ಹಾನಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇಷ್ಟೆಲ್ಲ ಆಗುವುದು ದಿನನಿತ್ಯದ ಬೆಳಕಿನಿಂದಲೇ. ಗ್ರಹಣ ಕಾಲದಲ್ಲಿ ಸೂರ್ಯನಿಂದ ಹೊಸ ಕಿರಣವೇನೂ ಹೊರಡುವುದಿಲ್ಲ. ಬೇರೆ ದಿನಗಳಲ್ಲಿ ಯಾರೂ ಸೂರ್ಯನನ್ನು ದಿಟ್ಟಿಸುವುದಿಲ್ಲ, ಅಂದು ಎಲ್ಲರೂ ದಿಟ್ಟಿಸಲು ಹೊರಡುತ್ತಾರೆ, ವ್ಯತ್ಯಾಸ ಇಷ್ಟೇ.

ಕೂಲಿಂಗ್ ಗ್ಲಾಸ್ ಇಲ್ಲಿ ಏಕೆ ಕೈಕೊಡುತ್ತದೆ ಎಂದು ತಿಳಿಯಲು, ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾರೆ ಎಂದು ನೋಡಬೇಕು. ಕಡಲತೀರದ ಮರಳು, ಸುಣ್ಣ ಬಳಿದ ಗೋಡೆ, ಬಿಸಿಲಿಗೆ ಹಿಡಿದ ಬಿಳಿ ಹಾಳೆ ಕಣ್ಣು ಕುಕ್ಕುತ್ತವೆ. ಅಲ್ಲಿಂದ ಬರುವುದು ಎಲ್ಲ ದಿಕ್ಕಿಗೂ ಚದುರಿದ ಬಿಸಿಲು. ಅದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಕಣ್ಣಿಗೆ ಹಿತ. ಮಾರುಕಟ್ಟೆಯ ಸಾಮಾನ್ಯ ಕಪ್ಪು ಕನ್ನಡಕಗಳು ಸುಮಾರಾಗಿ ಎಂಟರಿಂದ ಹದಿನೆಂಟು ಶೇಕಡಾ ಬೆಳಕನ್ನು ಒಳಬಿಡುವುದು ಈ ಲೆಕ್ಕದಿಂದಲೇ. ಹಿಮಪರ್ವತ ಏರುವವರಿಗಾಗಿ ಮಾಡುವ ಅತಿ ಕಪ್ಪು ಕನ್ನಡಕ ಕೂಡ ಕನಿಷ್ಠ ಮೂರು ಶೇಕಡಾ ಬಿಡುತ್ತದೆ. ಆದರೆ ಸೂರ್ಯನ ಬಿಂಬ ಬಿಸಿಲಿನಲ್ಲಿಟ್ಟ ಬಿಳಿ ಹಾಳೆಗಿಂತ ಸುಮಾರು ಐವತ್ತು ಸಾವಿರ ಪಟ್ಟು ಹೊಳೆಯುತ್ತದೆ. ಹಾಳೆಗೆಂದು ಮಾಡಿದ ಗಾಜಿನಿಂದ ಸೂರ್ಯನನ್ನು ನೋಡುವುದು ತುಂತುರಿಗೆ ಹಿಡಿದ ಕೊಡೆಯನ್ನು ಜೋಗದ ಧಾರೆಗೆ ಒಡ್ಡಿದಂತೆ.

ಸೂರ್ಯನನ್ನು ನೇರವಾಗಿ ನೋಡುವ ಸಾಧನಗಳಿಗೆ ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಒಳಬರುವ ಬೆಳಕು 0.0032 ಶೇಕಡಾಕ್ಕಿಂತ ಹೆಚ್ಚಿರಕೂಡದು, ಅಂದರೆ ಮೂವತ್ತೊಂದು ಸಾವಿರದಲ್ಲಿ ಒಂದು ಪಾಲು. ಒಳ್ಳೆಯ ಸೋಸುಹಾಳೆಗಳು ಇದಕ್ಕಿಂತಲೂ ಕಪ್ಪು, ಲಕ್ಷದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತವೆ. ಹತ್ತು ಶೇಕಡಾ ಬಿಡುವ ಕೂಲಿಂಗ್ ಗ್ಲಾಸನ್ನು ಈ ಅಳತೆಗೆ ಹಿಡಿದರೆ, ಅದು ಮಿತಿಗಿಂತ ಮೂರು ಸಾವಿರ ಪಟ್ಟು ಹೆಚ್ಚು ಬೆಳಕನ್ನು ಕಣ್ಣಿಗೆ ಬಿಡುತ್ತದೆ. ಹಿಮಪರ್ವತದ ಕನ್ನಡಕವೂ ಒಂಬೈನೂರು ಪಟ್ಟಿನ ಆಚೆಗೇ ನಿಲ್ಲುತ್ತದೆ.

ಹಾಗಿದ್ದರೆ ಒಂದರ ಮೇಲೊಂದು ನಾಲ್ಕೈದು ಕನ್ನಡಕ ಹಾಕಿಕೊಂಡರೆ ಹೇಗೆ? ಈ ಪ್ರಶ್ನೆಯನ್ನು ತಳ್ಳಿಹಾಕದೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಅಪಾಯದ ಅಡಗುತಾಣ ಅಲ್ಲೇ ಇದೆ. ಹತ್ತು ಶೇಕಡಾದ ಐದು ಗಾಜುಗಳನ್ನು ಪೇರಿಸಿದರೆ ಹತ್ತರಲ್ಲಿ ಒಂದರ ಹತ್ತರಲ್ಲಿ ಒಂದು ಎಂದು ಇಳಿಯುತ್ತ ಕಾಣುವ ಬೆಳಕು ಲಕ್ಷದಲ್ಲಿ ಒಂದು ಪಾಲಿಗೆ ಬರುತ್ತದೆ. ಸೂರ್ಯ ಹಿತವಾಗಿಯೇ ಕಾಣಬಹುದು. ಆದರೆ ಕನ್ನಡಕಕ್ಕೆ ಹಾಕುವ ಬಣ್ಣಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರಲೆಂದು ಆಯ್ದವು. ಅವುಗಳಲ್ಲಿ ಅನೇಕವು ಅವಕೆಂಪು ಕಿರಣಗಳಿಗೆ ಕಿಟಕಿಯ ಗಾಜಿನಷ್ಟೇ ಪಾರದರ್ಶಕ. ಕಣ್ಣಿಗೆ ಕತ್ತಲೆ ಕಾಣುತ್ತಿರುವಾಗಲೇ, ಕಾಣದ ಕಿರಣಗಳು ಐದು ಗಾಜನ್ನೂ ದಾಟಿ ಅಕ್ಷಿಪಟಲವನ್ನು ಬಿಸಿಮಾಡುತ್ತಿರುತ್ತವೆ. ಪೋಲರಾಯ್ಡ್ ಗಾಜುಗಳೆರಡನ್ನು ಅಡ್ಡಡ್ಡವಾಗಿ ಜೋಡಿಸಿ ಕಪ್ಪುಮಾಡುವ ಉಪಾಯಕ್ಕೂ ಇದೇ ಕೊರತೆ. ಕಪ್ಪಾಗಿ ಕಂಡದ್ದೆಲ್ಲ ಸುರಕ್ಷಿತವಲ್ಲ, ಯಾವ ಯಾವ ಕಿರಣಕ್ಕೆ ಎಷ್ಟು ಕಪ್ಪು ಎಂಬುದನ್ನು ಅಳೆದು ನೋಡಿರಬೇಕು.

ಕೂಲಿಂಗ್ ಗ್ಲಾಸಿನ ಮೇಲಿನ ಯುವಿ 400 ಎಂಬ ಚೀಟಿಯೂ ಜನರನ್ನು ದಾರಿ ತಪ್ಪಿಸುತ್ತದೆ. ಆ ಚೀಟಿ ಹೇಳುವುದು, ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆ ಎಂದಷ್ಟೇ. ದೊಡ್ಡವರ ಕಣ್ಣಿನ ಮಸೂರ ಆ ಕೆಲಸವನ್ನು ಬಹುಮಟ್ಟಿಗೆ ತಾನೇ ಮಾಡುತ್ತದೆ, ಅತಿನೇರಳೆ ಅಕ್ಷಿಪಟಲದವರೆಗೆ ಹೆಚ್ಚು ಇಳಿಯುವುದಿಲ್ಲ. ಹಾನಿ ಮಾಡುವ ನೀಲಿ ಬೆಳಕು ಆ ಚೀಟಿಯ ವ್ಯಾಪ್ತಿಯ ಹೊರಗಿದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಬರಿಗಣ್ಣಿಗೆ ತನ್ನದೇ ಕಾವಲಿದೆ. ಸೂರ್ಯ ಕಣ್ಣಿಗೆ ಬಿದ್ದ ಕ್ಷಣವೇ ರೆಪ್ಪೆ ಮುಚ್ಚುತ್ತದೆ, ತಲೆ ತಾನಾಗಿ ಪಕ್ಕಕ್ಕೆ ಹೊರಳುತ್ತದೆ. ಕಪ್ಪು ಗಾಜು ಈ ಕಾವಲನ್ನು ಮಲಗಿಸಿಬಿಡುತ್ತದೆ. ಕುಕ್ಕುವಿಕೆ ತಗ್ಗಿದ್ದರಿಂದ ಕಣ್ಣು ಹತ್ತಿಪ್ಪತ್ತು ಸೆಕೆಂಡು ದಿಟ್ಟಿಸುವ ಧೈರ್ಯ ಮಾಡುತ್ತದೆ. ಸಾಲದೆಂಬಂತೆ ಗಾಜಿನ ನೆರಳಿನಲ್ಲಿ ಪಾಪೆ ಹಿಗ್ಗುತ್ತದೆ. ಎರಡು ಮಿಲಿಮೀಟರ್ ಇದ್ದ ಪಾಪೆ ಮೂರಕ್ಕೆ ಹಿಗ್ಗಿದರೂ ಒಳಹೋಗುವ ಬೆಳಕು ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಏನೂ ಇಲ್ಲದವನು ಅರೆಕ್ಷಣ ನೋಡಿ ಮುಖ ತಿರುಗಿಸುತ್ತಾನೆ, ಕೂಲಿಂಗ್ ಗ್ಲಾಸ್ ಹಾಕಿದವನು ನೋಡುತ್ತಲೇ ನಿಲ್ಲುತ್ತಾನೆ. ಈ ಅರ್ಥದಲ್ಲಿ ಗ್ರಹಣದ ಹೊತ್ತಿಗೆ ಕೂಲಿಂಗ್ ಗ್ಲಾಸ್ ಏನೂ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು ಎಂದರೆ ಉತ್ಪ್ರೇಕ್ಷೆಯಾಗದು.

ಹಳೆಯ ರೂಢಿಗಳಲ್ಲಿ ಇನ್ನೂ ಬಳಕೆಯಲ್ಲಿರುವುದು ನೀರಿನ ತಟ್ಟೆ. ಅಂಗಳದಲ್ಲಿ ಅಗಲವಾದ ತಟ್ಟೆಯಿಟ್ಟು, ನೀರಿಗೆ ಅರಿಸಿನವನ್ನೋ ಸಗಣಿಯನ್ನೋ ಕದಡಿ, ಅದರಲ್ಲಿ ಗ್ರಹಣ ನೋಡುವುದು ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತ ನೋಟ. ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಗ್ರಹಣವನ್ನು ನೀರಿನಲ್ಲಿ ನೋಡದೆ ನೇರವಾಗಿ ನೋಡಿ ಕಣ್ಣು ಕೆಡಿಸಿಕೊಳ್ಳುವವರ ಮಾತನ್ನು ಗ್ರೀಸಿನ ಪ್ಲೇಟೋ ಸಾಕ್ರಟೀಸನ ಬಾಯಲ್ಲಿ ಆಡಿಸಿದ್ದಾನೆ. ನೇರವಾಗಿ ನೋಡುವುದಕ್ಕಿಂತ ಇದು ಮೇಲು ಎಂಬುದು ನಿಜ. ಆದರೆ ಸಾಕೇ ಎಂಬುದನ್ನು ಅಳೆದು ನೋಡಬೇಕು. ಅರಿಸಿನ ನೀರಿನೊಳಗಿರುತ್ತದೆ. ಸೂರ್ಯನ ಪ್ರತಿಬಿಂಬ ಹುಟ್ಟುವುದು ನೀರಿನ ಮೇಲ್ಮೈಯಲ್ಲಿ. ತಟ್ಟೆಯ ತಳದಿಂದ ಬರುವ ಹೊಳಪನ್ನು ಕದಡಿದ ನೀರು ತಡೆಯಬಹುದು, ಮೇಲ್ಮೈಯಿಂದ ಚಿಮ್ಮುವ ಸೂರ್ಯನಿಗೆ ಅರಿಸಿನದ ತಡೆಯೇನೂ ಇಲ್ಲ. 2019ರ ಆ ಬೆಳಿಗ್ಗೆ ಒಂಬತ್ತೂವರೆಗೆ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು ಮೂವತ್ತೈದು ಡಿಗ್ರಿ ಮೇಲಿದ್ದ. ಆ ಓರೆಯಲ್ಲಿ ನೀರು ತನ್ನ ಮೇಲೆ ಬಿದ್ದ ಬೆಳಕಿನ ನಾಲ್ಕು ಶೇಕಡಾದಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಮಾನದಂಡದ ಮಿತಿಗೆ ಹೋಲಿಸಿದರೆ ಇದು ಸಾವಿರ ಪಟ್ಟಿಗೂ ಹೆಚ್ಚು. ಸೂರ್ಯ ಇಳಿದಷ್ಟೂ ನೀರು ಕನ್ನಡಿಯಾಗುತ್ತ ಹೋಗುತ್ತದೆ: ಹತ್ತು ಡಿಗ್ರಿ ಎತ್ತರದ ಸೂರ್ಯನ ಬೆಳಕಿನಲ್ಲಿ ಮೂರನೇ ಒಂದು ಭಾಗವನ್ನು ಅದು ನೋಡುವವನ ಕಣ್ಣಿಗೇ ತಿರುಗಿಸುತ್ತದೆ. ಸಂಜೆಯ ಗ್ರಹಣಕ್ಕೆ ನೀರಿನ ತಟ್ಟೆಯನ್ನು ನಂಬಲೇಬಾರದು.

ಮಸಿ ಹಿಡಿಸಿದ ಗಾಜು, ಸಿಡಿ, ಹಳೆಯ ಫೋಟೊ ನೆಗೆಟಿವ್ ಮುಂತಾದವೂ ಇದೇ ಸಾಲಿಗೆ ಸೇರಿದವು. ಮಸಿ ಒಂದೆಡೆ ದಪ್ಪ, ಒಂದೆಡೆ ತೆಳು, ಬೆರಳು ತಾಗಿದಲ್ಲಿ ಇಲ್ಲವೇ ಇಲ್ಲ. ಎಕ್ಸ್‌ರೇ ಹಾಳೆಯ ವಿಷಯದಲ್ಲಿ ಒಂದು ತಿಳುವಳಿಕೆ ಬೇಕು. ಹಿಂದಿನ ಹಾಳೆಗಳಲ್ಲಿ ಬೆಳ್ಳಿಯ ಕಣಗಳಿದ್ದು, ಪೂರ್ತಿ ಕಪ್ಪಾದ ಭಾಗ ಬೆಳಕನ್ನೂ ಅವಕೆಂಪನ್ನೂ ಚೆನ್ನಾಗಿ ತಡೆಯುತ್ತಿತ್ತು. ಆದರೆ ಮೂಳೆಯ ಚಿತ್ರವಿರುವ ಹಾಳೆ ಎಲ್ಲೆಡೆ ಒಂದೇ ಕಪ್ಪಾಗಿರುವುದಿಲ್ಲ. ಈಗಿನ ಹಾಳೆಗಳು ಹಲವು ಕಡೆ ಕಂಪ್ಯೂಟರಿನಿಂದ ಮುದ್ರಣವಾದವು, ಬೆಳ್ಳಿ ಇದೆಯೋ ಬರೀ ಬಣ್ಣವೋ ಹೊರನೋಟಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಎಕ್ಸ್‌ರೇ ಹಾಳೆಯನ್ನು ಕಪಾಟಿನಲ್ಲೇ ಬಿಡುವುದು ಲೇಸು.

ನೇರವಾಗಿ ನೋಡಲು ಎರಡು ಸಾಧನಗಳು ನಂಬಿಕೆಗೆ ಅರ್ಹ. ಒಂದು ಗ್ರಹಣದ ಕನ್ನಡಕ, ರಟ್ಟಿನ ಚೌಕಟ್ಟಿನಲ್ಲಿ ಕಪ್ಪು ಹಾಳೆಯನ್ನೋ ಬೆಳ್ಳಿಯಂತೆ ಹೊಳೆಯುವ ಹಾಳೆಯನ್ನೋ ಕೂರಿಸಿದ್ದು. ಇದರ ಮೇಲೆ ತಯಾರಕರ ಹೆಸರು ಮತ್ತು ಐಎಸ್‌ಒ 12312-2 ಎಂಬ ಗುರುತು ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ಅದನ್ನಷ್ಟೇ ನೆಚ್ಚದೆ, ತಾರಾಲಯ ಅಥವಾ ವಿಜ್ಞಾನ ಸಂಸ್ಥೆಗಳ ಮೂಲಕ ಬಂದದ್ದನ್ನು ಕೊಳ್ಳುವುದು ವಾಸಿ. ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಕನ್ನಡಕ ಹಾಕಿಕೊಂಡು ಕೋಣೆಯಲ್ಲಿ ಸುತ್ತ ನೋಡಬೇಕು. ಮೇಜು, ಕಿಟಕಿ, ಕಿಟಕಿಯಾಚೆಯ ಬಿಸಿಲು ಯಾವುದೂ ಕಾಣಬಾರದು. ಪ್ರಖರವಾದ ಎಲ್‌ಇಡಿ ದೀಪವನ್ನು ಹತ್ತಿರದಿಂದ ನೋಡಿದರೆ ಮಂಕಾಗಿ ಮಿಣುಕಬಹುದು, ಅಷ್ಟೇ. ಕೋಣೆಯ ಸಾಮಾನು ಕಂಡರೆ ಆ ಕನ್ನಡಕ ಕೂಲಿಂಗ್ ಗ್ಲಾಸಿಗಿಂತ ಹೆಚ್ಚಿನದಲ್ಲ. ಬಳಿಕ ಹಾಳೆಯನ್ನು ಅದೇ ದೀಪಕ್ಕೆ ಅಡ್ಡಹಿಡಿದು ದೂರದಿಂದ ಪರೀಕ್ಷಿಸಬೇಕು. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ, ಗೀರು, ಮಡಿಕೆ, ರಟ್ಟಿನಿಂದ ಹಾಳೆ ಬಿಟ್ಟುಕೊಂಡಿರುವುದು, ಇವುಗಳಲ್ಲಿ ಒಂದು ಕಂಡರೂ ಕತ್ತರಿಸಿ ಎಸೆಯಬೇಕು. ಹಳೆಯ ಗ್ರಹಣದ ಕನ್ನಡಕ ಪುಸ್ತಕದ ನಡುವೆ ಮಡಿಕೆಯಾಗದೆ ಉಳಿದಿದ್ದರೆ ಚಿಂತೆಯಿಲ್ಲ, ಮಕ್ಕಳ ಆಟದ ಡಬ್ಬಿಯಲ್ಲಿದ್ದದ್ದು ಬೇಡ. ಆದರೆ ಈ ಮನೆಯ ಪರೀಕ್ಷೆ ಕೆಟ್ಟದ್ದನ್ನು ಹಿಡಿಯಬಲ್ಲದೇ ಹೊರತು ಒಳ್ಳೆಯದೆಂದು ಖಾತ್ರಿ ಕೊಡಲಾರದು, ಅವಕೆಂಪನ್ನು ಅಳೆಯುವ ಶಕ್ತಿ ಕಣ್ಣಿಗಿಲ್ಲ.

ಇನ್ನೊಂದು ವೆಲ್ಡಿಂಗ್ ಮಾಡುವವರು ಬಳಸುವ ಹಸಿರು ಗಾಜು. ಇದರಲ್ಲಿ ಕಪ್ಪಿನ ಮಟ್ಟಕ್ಕೆ ತಕ್ಕಂತೆ ನಂಬರುಗಳಿವೆ. ಸೂರ್ಯನನ್ನು ನೋಡಲು 14ನೇ ನಂಬರಿನದು ಹಿತವಾದದ್ದು, ಮೂರೂವರೆ ಲಕ್ಷದಲ್ಲಿ ಒಂದು ಪಾಲಿನಷ್ಟು ಬೆಳಕನ್ನಷ್ಟೇ ಬಿಡುತ್ತದೆ. 12 ಮಾನದಂಡದ ಮಿತಿಯೊಳಗೇ ಇದ್ದರೂ ನೆತ್ತಿಯ ಮೇಲಿನ ಸೂರ್ಯ ಅದರಲ್ಲಿ ಕುಕ್ಕುತ್ತಾನೆ. ಕಷ್ಟವೆಂದರೆ, ವೆಲ್ಡಿಂಗ್ ಅಂಗಡಿಗಳ ದಿನನಿತ್ಯದ ಕೆಲಸಕ್ಕೆ ಸಾಮಾನ್ಯವಾಗಿ 10 ಅಥವಾ 11 ಸಾಕು. 10ನೇ ನಂಬರಿನ ಗಾಜು ಸುಮಾರು ಏಳು ಸಾವಿರದಲ್ಲಿ ಒಂದು ಪಾಲನ್ನು ಬಿಡುತ್ತದೆ, ಅಂದರೆ ಮಿತಿಗಿಂತ ನಾಲ್ಕು ಪಟ್ಟು. ಪಕ್ಕದ ವರ್ಕ್‌ಶಾಪಿನಿಂದ ಗಾಜು ತಂದಾಗ ಅಂಚಿನಲ್ಲಿ ಕೆತ್ತಿದ ನಂಬರನ್ನು ಓದದೆ ಕಣ್ಣಿಗೆ ಹಿಡಿಯಕೂಡದು.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ತಲೆ ತಗ್ಗಿಸಿದ್ದಾಗಲೇ ಕನ್ನಡಕ ಹಾಕಿಕೊಂಡು ಆಮೇಲೆ ಸೂರ್ಯನತ್ತ ಮುಖ ಎತ್ತಬೇಕು. ತೆಗೆಯುವಾಗ ಮೊದಲು ಮುಖ ತಿರುಗಿಸಿ, ಬಳಿಕ ತೆಗೆಯಬೇಕು. ದಿನವೂ ಚಶ್ಮಾ ಹಾಕುವವರು ಅದರ ಮೇಲೆಯೇ ಇದನ್ನು ಹಿಡಿದುಕೊಳ್ಳಬಹುದು. ಮಕ್ಕಳ ಮುಖಕ್ಕೆ ರಟ್ಟಿನ ಕನ್ನಡಕ ಸಡಿಲವಾಗಿ, ಮೇಲಿನ ಸಂದಿಯಿಂದ ಸೂರ್ಯ ನೇರ ಕಾಣುವ ಅಪಾಯವಿದೆ. ಮಗುವಿನ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿದ್ದು ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಹಾಗಾಗಿ ಒಬ್ಬರು ದೊಡ್ಡವರು ಪಕ್ಕದಲ್ಲಿರಲೇಬೇಕು.

ದುರ್ಬೀನು, ಬೈನಾಕ್ಯುಲರ್, ಕ್ಯಾಮೆರಾ ಮಸೂರಗಳ ಜೊತೆ ಗ್ರಹಣದ ಕನ್ನಡಕವನ್ನು ಬಳಸುವುದು ಅತ್ಯಂತ ಅಪಾಯದ ತಪ್ಪು. ಐವತ್ತು ಮಿಲಿಮೀಟರ್ ಅಗಲದ ಬೈನಾಕ್ಯುಲರ್ ಬರಿಗಣ್ಣಿನ ಪಾಪೆಗಿಂತ ನೂರಾರು ಪಟ್ಟು ಹೆಚ್ಚು ಬೆಳಕನ್ನು ಗುಡ್ಡೆಹಾಕಿ ಸಣ್ಣ ಕಿರಣವಾಗಿ ಹೊರಬಿಡುತ್ತದೆ. ಆ ಕಿರಣ ಕನ್ನಡಕದ ಹಾಳೆಯನ್ನು ಕ್ಷಣದಲ್ಲಿ ತೂತುಮಾಡಿ ಕಣ್ಣನ್ನು ಮುಟ್ಟಬಲ್ಲದು. ಸೌರ ಸೋಸುಗಾಜು ಇರಬೇಕಾದದ್ದು ಉಪಕರಣದ ಮುಂಬದಿಯಲ್ಲಿ, ಬೆಳಕು ಒಳಹೋಗುವ ಮೊದಲೇ, ಗಾಳಿಗೆ ಬೀಳದಂತೆ ಬಿಗಿಯಾಗಿ. ಹಳೆಯ ದುರ್ಬೀನುಗಳ ಜೊತೆ ಕಣ್ಣಿಡುವ ತುದಿಗೆ ಹಾಕುವ ಪುಟ್ಟ ಕಪ್ಪು ಗಾಜು ಬರುತ್ತಿತ್ತು. ಬಿಸಿಗೆ ಅದು ಸಿಡಿಯುತ್ತದೆ, ಬಳಸಬಾರದು.

ಸೂರ್ಯನತ್ತ ನೋಡದೆಯೇ ಗ್ರಹಣವನ್ನು ನೋಡುವ ದಾರಿ ಎಲ್ಲಕ್ಕಿಂತ ಸುರಕ್ಷಿತ, ಹಲವರು ಒಟ್ಟಿಗೆ ನೋಡಬಹುದು ಎಂಬುದು ಅದರ ಇನ್ನೊಂದು ಗುಣ. ಸಣ್ಣ ತೂತಿನ ಮೂಲಕ ಹಾಯ್ದ ಬಿಸಿಲು ತಕ್ಕಷ್ಟು ದೂರದಲ್ಲಿ ತೂತಿನ ಆಕಾರವನ್ನು ಬಿಟ್ಟು ಸೂರ್ಯನ ಆಕಾರವನ್ನು ತಾಳುತ್ತದೆ. ಗ್ರಹಣದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ನೆಲವನ್ನು ನೋಡಿದರೆ, ದಿನವೂ ದುಂಡಗೆ ಬೀಳುವ ಬಿಸಿಲಚುಕ್ಕೆಗಳೆಲ್ಲ ಸಾವಿರ ಕುಡುಗೋಲುಗಳಾಗಿ ಹರಡಿಕೊಂಡಿರುತ್ತವೆ. ಎಲೆಗಳ ಸಂದಿ ಯಾವ ಆಕಾರದ್ದಾದರೂ ಚುಕ್ಕೆ ಮಾತ್ರ ಸೂರ್ಯನದೇ. ಸಾವಿರ ವರ್ಷದ ಹಿಂದೆ ಅರಬ್ ವಿದ್ವಾಂಸ ಇಬ್ನ್ ಅಲ್‌ ಹೈಥಮ್ ಗ್ರಹಣದ ಇಂಥ ಚಿತ್ರಗಳ ಬಗ್ಗೆಯೇ ಒಂದು ಗ್ರಂಥ ಬರೆದು, ತೂತು ದೊಡ್ಡದಾದರೆ ಕುಡುಗೋಲು ಏಕೆ ಅಳಿಸಿಹೋಗುತ್ತದೆ ಎಂದು ವಿವರಿಸಿದ್ದ. ಅಡುಗೆಮನೆಯ ಜರಡಿ, ಪೂರಿ ಕರಿಯುವ ಜಾಲರಿ ಸೌಟು, ಅಡ್ಡಡ್ಡವಾಗಿ ಹೆಣೆದ ಎರಡು ಕೈಬೆರಳುಗಳ ಸಂದಿಗಳು ಇದೇ ಕೆಲಸ ಮಾಡುತ್ತವೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು ನೆರಳನ್ನು ನೋಡಿದರಾಯಿತು.

ಶಾಲೆಗಳಲ್ಲಿ ಚಪ್ಪಲಿ ಡಬ್ಬಿಗೆ ತೂತು ಮಾಡಿ ನೋಡಿದ ಮಕ್ಕಳು ಎಷ್ಟೋ ಸಲ ನಿರಾಶರಾಗುತ್ತಾರೆ. ದೋಷ ಡಬ್ಬಿಯ ಉದ್ದದಲ್ಲಿದೆ. ಚಿತ್ರದ ಅಗಲ ತೂತಿನಿಂದ ತೆರೆಗಿರುವ ದೂರದ ಸುಮಾರು ನೂರಹತ್ತನೇ ಒಂದು ಭಾಗ. ಮೂವತ್ತು ಸೆಂಟಿಮೀಟರ್ ಡಬ್ಬಿಯಲ್ಲಿ ಸೂರ್ಯ ಮೂರು ಮಿಲಿಮೀಟರಿಗೂ ಚಿಕ್ಕವನು, ಅದರಲ್ಲಿ ಗ್ರಹಣ ಹಿಡಿದದ್ದು ಗೊತ್ತಾಗುವುದೇ ಕಷ್ಟ. ಇದಕ್ಕೆ ಒಳ್ಳೆಯ ಪರಿಹಾರ ಕನ್ನಡಿ. ಅಂಗೈಯಗಲದ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್ ತೂತು ಬಿಡಬೇಕು. ಕನ್ನಡಿಯನ್ನು ಹೊರಗೆ ಬಿಸಿಲಿನಲ್ಲಿ ಇಟ್ಟಿಗೆಗೋ ಮರಳಿನ ಚೀಲಕ್ಕೋ ಒರಗಿಸಿ, ಪ್ರತಿಫಲಿಸಿದ ಬೆಳಕು ಬಾಗಿಲ ಮೂಲಕ ಕತ್ತಲೆ ಮಾಡಿದ ಕೋಣೆಯ ಬಿಳಿ ಗೋಡೆಗೆ ಬೀಳುವಂತೆ ತಿರುಗಿಸಬೇಕು. ಗೋಡೆ ಹತ್ತು ಮೀಟರ್ ದೂರವಿದ್ದರೆ ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯ ಗೋಡೆಯ ಮೇಲೆ ಮೂಡುತ್ತಾನೆ, ಇಡೀ ತರಗತಿ ಕೂತು ನೋಡಬಹುದು.

ಇದರಲ್ಲಿ ಕೈಗೆ ಬರಬೇಕಾದ ಹದ ಒಂದಿದೆ. ತೂತು ಎಷ್ಟು ಅಗಲವೋ ಚಿತ್ರದ ಅಂಚು ಅಷ್ಟು ಮಸುಕು. 2019ರ ಗ್ರಹಣದ ಮೊದಲ ಗಂಟೆಯಲ್ಲಿ, ಕಡಿದ ಹೋಳಿಗೆಯಂತಿದ್ದ ಸೂರ್ಯನಿಗೆ ಒಂದು ಸೆಂಟಿಮೀಟರ್ ತೂತು ಸಾಕಷ್ಟು ಬೆಳಕನ್ನೂ ಸ್ಪಷ್ಟತೆಯನ್ನೂ ಕೊಡುತ್ತಿತ್ತು. ಒಂಬತ್ತೂವರೆಯ ಹೊತ್ತಿಗೆ ಗೋಡೆಯ ಮೇಲಿನ ಕುಡುಗೋಲಿನ ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ. ಅಷ್ಟೇ ಅಗಲದ ತೂತಿನಲ್ಲಿ ಅದು ಕದಡಿದ ಬೆಳಕಿನ ಮುದ್ದೆಯಾಗುತ್ತದೆ. ಆಗ ಐದು ಮಿಲಿಮೀಟರಿನ ತೂತಿರುವ ಇನ್ನೊಂದು ಕಾಗದಕ್ಕೆ ಬದಲಿಸಬೇಕು. ಚಿತ್ರದ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುವುದರಿಂದ ಕೋಣೆಯ ಕಿಟಕಿಗಳನ್ನೂ ಮುಚ್ಚಬೇಕಾಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಚಿತ್ರ ಎರಡು ನಿಮಿಷಕ್ಕೊಮ್ಮೆ ತನ್ನ ಅಗಲದಷ್ಟು ಸರಿಯುತ್ತದೆ, ಒಬ್ಬರು ಕನ್ನಡಿಯ ಹತ್ತಿರ ಕೂತು ಸರಿಪಡಿಸುತ್ತಿರಬೇಕು. ಗೋಡೆಯ ಕಡೆಯಿಂದ ಹಿಂದಿರುಗಿ ಯಾರೂ ಕನ್ನಡಿಯನ್ನು ನೋಡಬಾರದು. ಅಲ್ಲಿರುವುದು ಸೂರ್ಯನೇ. ಐಸಾಕ್ ನ್ಯೂಟನ್ ತನ್ನ ಯೌವನದಲ್ಲಿ ಕನ್ನಡಿಯಲ್ಲಿ ಸೂರ್ಯನನ್ನು ದಿಟ್ಟಿಸಿ, ಎತ್ತ ನೋಡಿದರೂ ಸೂರ್ಯನ ಚಿತ್ರವೇ ಎದುರು ನಿಂತಂತಾಗಿ, ದಿನಗಟ್ಟಲೆ ಕತ್ತಲ ಕೋಣೆಯಲ್ಲಿ ಕೂರಬೇಕಾಯಿತು.

ಖಗ್ರಾಸ ಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಬಹುದೆಂಬ ಮಾತು ಕೇಳಿ ಗೊಂದಲಕ್ಕೆ ಬೀಳುವವರಿದ್ದಾರೆ. ಆ ಮಾತು ಸೂರ್ಯ ಪೂರ್ತಿ ಮುಚ್ಚಿರುವ ಕೆಲವೇ ನಿಮಿಷಗಳಿಗೆ ಮಾತ್ರ ಸಲ್ಲುತ್ತದೆ. 1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನವರೆಗಿನ ಒಂದು ಪಟ್ಟಿಯಲ್ಲಿ ಅಂಥ ನಿಮಿಷಗಳು ಒದಗಿದ್ದವು, ಅದೇ ದಿನ ಬೆಂಗಳೂರಿನಲ್ಲಿ ಒಂದು ಕ್ಷಣವೂ ಒದಗಲಿಲ್ಲ. ಸೂರ್ಯನ ನೂರರಲ್ಲಿ ಒಂದೇ ಪಾಲು ಹೊರಗುಳಿದರೂ ಅದರ ಬೆಳಕು ಹುಣ್ಣಿಮೆಯ ಚಂದ್ರನ ನಾಲ್ಕು ಸಾವಿರ ಪಟ್ಟು. ಕಂಕಣ ಗ್ರಹಣದಲ್ಲಿ ಬಳೆಯಂತೆ ಉಳಿಯುವ ಸೂರ್ಯನಿಗೂ ಇದೇ ನಿಯಮ. 2027ರ ಆಗಸ್ಟ್ 2ರ ಸಂಜೆ ಭಾರತದಲ್ಲಿ ಕಾಣಲಿರುವ ಗ್ರಹಣ ಪಾರ್ಶ್ವವೇ. ಅದರ ಖಗ್ರಾಸ ಪಟ್ಟಿ ಸ್ಪೇನ್, ಈಜಿಪ್ಟ್, ಅರೇಬಿಯಾಗಳ ಮೇಲೆ ಹಾದುಹೋಗುತ್ತದೆ. ಅಂದು ಕರ್ನಾಟಕದಲ್ಲಿ ಮೋಡ ಸರಿದು ಸೂರ್ಯ ಕಂಡರೆ, ಮೊದಲಿನಿಂದ ಕೊನೆಯವರೆಗೂ ಗ್ರಹಣದ ಕನ್ನಡಕ ಬೇಕು.

ಎಚ್ಚರ ತಪ್ಪಿ ನೋಡಿಬಿಟ್ಟವರು ಒಂದೆರಡು ದಿನ ಕಣ್ಣನ್ನು ಗಮನಿಸಬೇಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಚೌಕಳಿ ಹಾಳೆಯನ್ನೋ ಗೋಡೆಯ ಕ್ಯಾಲೆಂಡರಿನ ಮನೆಗಳನ್ನೋ ನೋಡುವುದು ಸುಲಭ ಪರೀಕ್ಷೆ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ, ಬೇರೆ ಬೇರೆಯಾಗಿ ನೋಡುವುದು ಅದಕ್ಕಾಗಿ. ಗೆರೆ ಬಾಗಿದಂತೆ, ನಡುವಿನ ಅಂಕಿ ಅಳಿಸಿದಂತೆ, ಬಣ್ಣ ಪೇಲವವಾದಂತೆ ಕಂಡರೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಅಕ್ಷಿಪಟಲದ ಪದರಗಳನ್ನು ಸೀಳಿ ತೋರಿಸುವ ಒಸಿಟಿ ಎಂಬ ಚಿತ್ರಣದಿಂದ ಹಾನಿ ಎಷ್ಟು ಆಳದ್ದು ಎಂದು ಅವರು ಹೇಳಬಲ್ಲರು. ಗುಣಪಡಿಸುತ್ತದೆಂದು ಸಾಬೀತಾದ ಔಷಧಿ ಇಲ್ಲ. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ನೋಟ ಬಹುಮಟ್ಟಿಗೆ ಮರಳುತ್ತದೆ, ಕೆಲವರಲ್ಲಿ ನೋಟದ ನಡುವಿನ ಆ ಚುಕ್ಕೆ ಹೋಗುವುದಿಲ್ಲ.